ದೊಡ್ಡೇರಿಯಲ್ಲಿ ಮೊಘಲರನ್ನು ಮಣಿಸಿದ್ದು ಹಸಿವು

ಮರಾಠರ ಯುದ್ಧತಂತ್ರವೆಂದರೆ ಹೊಂಚು ಹಾಕಿ ಹೊಡೆದು ಕಾಡು ಸೇರುವುದು ಎಂದಷ್ಟೇ ಹೇಳಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ. ಔರಂಗಜೇಬನ ಅಪಾರ ಸೈನ್ಯವನ್ನು ಅವರು ಹಣ್ಣು ಮಾಡಿದ್ದು ಅದಕ್ಕೆ ಬರುವ ದವಸ, ಮೇವು ಮತ್ತು ಹಣದ ದಾರಿಯನ್ನು ಕಡಿದು. ಬೆಟ್ಟದ ಕೋಟೆಗಳು ಶತ್ರುವನ್ನು ಒಂದೆಡೆ ಕಟ್ಟಿಹಾಕುತ್ತಿದ್ದವು. ಹೊರಗಿದ್ದ ಸವಾರರು ಅವನ ಊಟವನ್ನು ಕಿತ್ತುಕೊಳ್ಳುತ್ತಿದ್ದರು.

1689ರಲ್ಲಿ ಮರಾಠ ದೊರೆ ಸಂಭಾಜಿಯ ಹತ್ಯೆಯಾಗಿ, ರಾಜಧಾನಿ ರಾಯಗಡವೂ ಕೈತಪ್ಪಿದಾಗ ಅವನ ತಮ್ಮ ರಾಜಾರಾಮ ತಮಿಳುನಾಡಿನ ಜಿಂಜಿಯನ್ನು ಸೇರಿದ. ಮೂರು ಬೆಟ್ಟಗಳನ್ನು ಒಂದೇ ಸುತ್ತುಗೋಡೆಯೊಳಗೆ ಸೇರಿಸಿಕೊಂಡ ಆ ಕೋಟೆಗೆ 1690ರಲ್ಲಿ ಮುತ್ತಿಗೆ ಹಾಕಿದ ಮೊಘಲ್ ಸೇನಾನಿ ಜುಲ್ಫಿಕರ್ ಖಾನನಿಗೆ ಅದು ಸಿಕ್ಕಿದ್ದು 1698ರಲ್ಲಿ. ಅಷ್ಟು ಕಾಲ ಮೊಘಲರ ಸರಬರಾಜು ಬಹುದೂರದಿಂದ ಬರಬೇಕಾಗಿದ್ದುದರಿಂದ ಮರಾಠ ಸರದಾರರಾದ ಸಂತಾಜಿ ಘೋರ್ಪಡೆ ಮತ್ತು ಧನಾಜಿ ಜಾಧವರ ಸವಾರರಿಗೆ ದಾರಿಯುದ್ದಕ್ಕೂ ಅವಕಾಶವಿತ್ತು.

ಇದರ ಅತ್ಯಂತ ಸ್ಪಷ್ಟ ನಿದರ್ಶನ ನಮ್ಮ ಚಳ್ಳಕೆರೆ ಸಮೀಪದ ದೊಡ್ಡೇರಿ. 1695ರ ನವೆಂಬರಿನಲ್ಲಿ ಲೂಟಿಯೊಡನೆ ಹಿಂದಿರುಗುತ್ತಿದ್ದ ಸಂತಾಜಿಯನ್ನು ಅಡ್ಡಗಟ್ಟಲು ಮೊಘಲ್ ಸೇನಾನಿ ಕಾಸಿಂ ಖಾನ್ ಹೊರಟ. ಬಾದಶಹನ ಬಳಿಯಿಂದ ಖಾನಾಜಾದ್ ಖಾನನೂ ಬಂದು ಅವನನ್ನು ಕೂಡಿಕೊಂಡ. ಅತಿಥಿಗಳ ಗೌರವಕ್ಕೆಂದು ಒಳ್ಳೆಯ ಡೇರೆಗಳನ್ನೂ ಸಾಮಾನುಗಳನ್ನೂ ಕಾಸಿಂ ಖಾನ್ ಕೆಲವು ಮೈಲಿ ಮುಂದಕ್ಕೆ ಸಾಗಿಸಿದ್ದ. ಇದನ್ನು ತಿಳಿದ ಸಂತಾಜಿ ತನ್ನ ದಂಡನ್ನು ಮೂರು ಭಾಗ ಮಾಡಿದ. ಒಂದು ಭಾಗ ಆ ಡೇರೆಗಳ ಮೇಲೆ ಬಿತ್ತು. ಅವುಗಳ ರಕ್ಷಣೆಗೆ ಧಾವಿಸಿದ ಮೊಘಲರನ್ನು ಎರಡನೆಯದು ಕಾದಾಟಕ್ಕೆ ಎಳೆಯಿತು. ಅದುವರೆಗೆ ಕಣ್ಣಿಗೆ ಬೀಳದಿದ್ದ ಮೂರನೆಯ ಭಾಗ, ಕಾವಲು ತೆಳುವಾಗಿದ್ದ ಮುಖ್ಯ ಪಾಳೆಯವನ್ನೇ ದೋಚಿತು. ಡೇರೆ, ಬಂಡಿ, ಭಾರದ ಫಿರಂಗಿಗಳ ಹಂಗಿಲ್ಲದ, ಗಟ್ಟಿಮುಟ್ಟಾದ ಸಣ್ಣ ದಖನಿ ಕುದುರೆಗಳ ದಂಡಿಗೆ ಮಾತ್ರ ಇಂಥ ವೇಗ ಸಾಧ್ಯವಿತ್ತು.

ಸರಂಜಾಮು ಕಳೆದುಕೊಂಡ ಮೊಘಲರು ದೊಡ್ಡೇರಿಯ ಪುಟ್ಟ ಕೋಟೆಯನ್ನು ಹೊಕ್ಕರು. ಅಷ್ಟು ಜನರಿಗೆ ಸಾಕಾಗುವಷ್ಟು ದವಸ ಅಲ್ಲಿರಲಿಲ್ಲ. ಪ್ರಾಣಿಗಳಿಗೆ ಸೂರಿನ ಹುಲ್ಲನ್ನು ಹಾಕಬೇಕಾಯಿತು. ಚಿತ್ರದುರ್ಗದ ಪಾಳೆಯಗಾರರ ಬೇಡ ಬಂದೂಕುಗಾರರು ಸಂತಾಜಿಯ ಪಕ್ಷದಲ್ಲಿದ್ದರು. ಇವರ ಪಾತ್ರಕ್ಕೆ ನಮ್ಮ ಚರಿತ್ರೆಯಲ್ಲಿ ಇನ್ನಷ್ಟು ಜಾಗ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಸಿಂ ಖಾನ್ ಕೋಟೆಯೊಳಗೇ ಸತ್ತ: ಅಫೀಮು ಸಿಗದೆ ಎಂದು ಕೆಲವರು, ಅವಮಾನದಿಂದ ವಿಷ ಕುಡಿದು ಎಂದು ಕೆಲವರು ಹೇಳುತ್ತಾರೆ. ಕೊನೆಗೆ ಖಾನಾಜಾದ್ ಖಾನ್ ಆನೆ, ಕುದುರೆ, ಸಾಮಾನುಗಳನ್ನೆಲ್ಲ ಒಪ್ಪಿಸಿ, ಅದರ ಮೇಲೆ 20 ಲಕ್ಷ ರೂಪಾಯಿ ಕೊಡಲೊಪ್ಪಿ ಹೊರಬಂದ.

ಈ ತಂತ್ರಕ್ಕೂ ಮಿತಿಯಿತ್ತು. ಸ್ವಂತ ಮೇವು ಹೊರದ ಕುದುರೆಗಳು ತಿಂದದ್ದು ರೈತರ ಬೆಳೆಯನ್ನು. ಸ್ವತಂತ್ರವಾಗಿ ಓಡಾಡುವ ಸರದಾರರನ್ನು ಒಂದೇ ಅಂಕೆಯಲ್ಲಿಡುವುದೂ ಕಷ್ಟವಾಗಿತ್ತು. ರಾಜಾರಾಮನೊಡನೆ ಮನಸ್ತಾಪ, ಧನಾಜಿಯೊಡನೆ ವೈರ ಬೆಳೆದು 1697ರಲ್ಲಿ ಸಂತಾಜಿಯೇ ಕೊಲೆಯಾದ. ಮರುವರ್ಷ ಜಿಂಜಿಯೂ ಬಿತ್ತು. ಆದರೆ ರಾಜಾರಾಮ ಅಷ್ಟರಲ್ಲಿ ತಪ್ಪಿಸಿಕೊಂಡಿದ್ದ. 1699ರಿಂದ ಔರಂಗಜೇಬ ತಾನೇ ಸತಾರಾ, ಪನ್ಹಾಳ, ವಿಶಾಲಗಡಗಳ ಮುಂದೆ ಪಾಳೆಯ ಹೂಡಿದ. ಕೋಟೆಗಳನ್ನು ಹಲವು ಬಾರಿ ಕಿಲ್ಲೇದಾರರಿಗೆ ಹಣ ಕೊಟ್ಟೇ ಪಡೆದ. ಅವನ ದಂಡು ಅತ್ತ ಹೋದ ಮೇಲೆ ಮರಾಠರು ಅವುಗಳಲ್ಲಿ ಹಲವನ್ನು ಮತ್ತೆ ಹಿಡಿದರು.