ಕಾಕಾಗೆ ಹನ್ನೆರಡು, ಹುಡುಗಿಗೆ ಒಂದು

ಬೆಳಗಾವಿಯ ಉದ್ಯಮಬಾಗದಲ್ಲಿ ಗೆಳೆಯನೊಬ್ಬನ ಫೌಂಡ್ರಿ ಇದೆ. ಪಂಪ್ ಮಾಡುವವರಿಗೆ ಕಾಸ್ಟಿಂಗ್ ಮಾಡಿ ಕೊಡುತ್ತಾನೆ. 2025ರ ಮಳೆಗಾಲದಲ್ಲಿ ಅವನ ಅಕೌಂಟೆಂಟ್ ಕೆಲಸ ಬಿಟ್ಟ. ಹೊಸಬರನ್ನು ಆರಿಸುವ ದಿನ ನನ್ನನ್ನೂ ಕೂರಿಸಿಕೊಂಡ. ನನಗಿದ್ದ ಅರ್ಹತೆ ಒಂದೇ. ಚಹಾ ಕುಡಿಯೋಕೆ ಸರಿಯಾಗಿ ಅದೇ ಹೊತ್ತಿಗೆ ಹೋಗಿದ್ದೆ.

ಆಯ್ಕೆ ಶುದ್ಧ ವೈಜ್ಞಾನಿಕವಾಗಿ ನಡೆಯಬೇಕು ಅಂತ ಅವನ ಅಳಿಯ ಒಂದು ಎಕ್ಸೆಲ್ ಶೀಟ್ ಮಾಡಿದ್ದ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಅನುಭವಕ್ಕೆ ವರ್ಷಕ್ಕೊಂದು ಮಾರ್ಕು. ಯಾವ ವರ್ಷ ಅಂತ ಕೇಳುವ ಕಾಲಂ ಇರಲಿಲ್ಲ. "ವರ್ಷ ಅಂದ್ರ ವರ್ಷ ಅಲ್ರಿ ಮಾಮಾ, ಹಳೇದೇನು, ಹೊಸಾದೇನು?" ಅಂದ. ಕಾಳಿನ ಚೀಲ ಎಣಿಸಿದ ಹಾಗೆ. ಹುಳ ಹಿಡಿದಿದ್ದರೂ ಚೀಲ ಚೀಲವೇ ತಾನೇ?

ನಗಬೇಡಿ. ಕೆಲಸ ಹುಡುಕಿಕೊಡುವ ಜಾಲತಾಣಗಳಲ್ಲಿ 'ಕೊನೆಯ ಸಲ ಬಳಸಿದ್ದು ಯಾವಾಗ' ಅಂತ ಒಂದು ಖಾನೆ ಇರುತ್ತದೆ. ಅದರಲ್ಲಿ ಎಲ್ಲರೂ ಈ ವರ್ಷವನ್ನೇ ತುಂಬುತ್ತಾರೆ. ನನ್ನ ಬಯೋಡೇಟಾದಲ್ಲಿ ಇವತ್ತಿಗೂ ಪುಟ ವಿನ್ಯಾಸದ ಪೇಜ್‌ಮೇಕರ್ ಇದೆ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ತೆಗೆಯೋಕೆ ಮನಸ್ಸು ಬರುತ್ತಿಲ್ಲ.

ಬಂದವರು ಇಬ್ಬರು. ಮೊದಲನೆಯವರು ಹುಕ್ಕೇರಿ ಕಡೆಯ ಒಬ್ಬ ಕಾಕಾ. ಟ್ಯಾಲಿಯಲ್ಲಿ ಹನ್ನೆರಡು ವರ್ಷ, 2005ರಿಂದ 2017ರ ಮೇವರೆಗೆ. ಆಮೇಲೆ ಊರಿಗೆ ಹೋಗಿ ಕಬ್ಬು ಬೆಳೆದರು. ಕಾಕಾ ಕೆಲಸ ಬಿಟ್ಟ ಮರುತಿಂಗಳು ದಾಟಿ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಕಬ್ಬು ಬೆಳೆದು ಮಾರುವ ರೈತನನ್ನು ಜಿಎಸ್‌ಟಿ ಮುಟ್ಟುವುದಿಲ್ಲ. ಹೀಗಾಗಿ ಇಬ್ಬರೂ ಎಂಟು ವರ್ಷ ಒಬ್ಬರನ್ನೊಬ್ಬರು ನೋಡದೆ ಸುಖವಾಗಿದ್ದರು.

ಎರಡನೆಯವಳು ಗೋಕಾಕದ ಹುಡುಗಿ. ಒಬ್ಬ ಆಡಿಟರ ಹತ್ತಿರ ಒಂದೇ ವರ್ಷ ಕೆಲಸ, ಅದೂ 2024ರ ಡಿಸೆಂಬರ್ ತನಕ. ಶೀಟ್ ಹೇಳಿತು: ಕಾಕಾ ಹನ್ನೆರಡು, ಹುಡುಗಿ ಒಂದು. ಅಳಿಯ ಮ್ಯಾಚ್ ಮುಗಿಯಿತು ಅನ್ನುವ ಮುಖ ಮಾಡಿದ.

ಸುಮ್ನೆ ಕೂರಲಾರದೆ ನಾನು, "ಒಂದು ಬಿಲ್ ಕೊಟ್ಟು ನೋಡೋಣ" ಅಂದೆ. ಗೆಳೆಯ ಡ್ರಾಯರಿನಿಂದ ಕೊಲ್ಹಾಪುರದ ಒಂದು ಬಿಲ್ ತೆಗೆದ. ಪಿಗ್ ಐರನ್ ಖರೀದಿ. ಮಾಲು 2,00,000, ಹೊರರಾಜ್ಯದ ಮಾಲಿಗೆ ಹಾಕುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಶೇಕಡಾ 18ರಂತೆ 36,000, ಒಟ್ಟು 2,36,000 ರೂಪಾಯಿ.

ಕಾಕಾ ಕಂಪ್ಯೂಟರ್ ಮುಂದೆ ಕೂತರು. ಬೆರಳು ತಾನಾಗೇ F1 ಮೇಲೆ ಹೋಯಿತು. ಹಳೆಯ ಟ್ಯಾಲಿಯಲ್ಲಿ ಕಂಪನಿ ಆರಿಸುವ ಕೀ ಅದು. 2020ರ ಕೊನೆಗೆ ಬಂದ ಟ್ಯಾಲಿಪ್ರೈಮ್‌ನಲ್ಲಿ ಆ ಕೆಲಸ F3ಗೆ ಹೋಗಿದೆ, F1 ಒತ್ತಿದರೆ ಸಹಾಯದ ಮೆನು ತೆರೆಯುತ್ತದೆ. ಯಾರೂ ಕೇಳದೆ ಸಹಾಯ ಬಂದಿದ್ದು ನೋಡಿ ಕಾಕಾಗೆ ಸ್ವಲ್ಪ ಅವಮಾನವಾಯಿತು. ಆದರೆ ಇದು ದೊಡ್ಡ ಮಾತಲ್ಲ. ಕೀ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಖರೀದಿಗೆ F9 ಆಗಲೂ ಇತ್ತು, ಈಗಲೂ ಇದೆ. ಅದನ್ನು ಒತ್ತಿ ಕಾಕಾ ಪಟಪಟ ಎಂಟ್ರಿ ಮಾಡಿದರು. ಇಡೀ 2,36,000 ರೂಪಾಯಿಯನ್ನು ಖರೀದಿ ಖಾತೆಗೆ ಹಾಕಿದರು.

"ಟ್ಯಾಕ್ಸ್ ಬ್ಯಾರೆ ತೋರಸಂಗಿಲ್ಲೇನ್ರಿ?" ಅಂತ ಗೆಳೆಯ ಕೇಳಿದ.

"ಹೊರಗಿನ ರಾಜ್ಯದ ಮಾಲು ಐತಲ್ರಿ ಸಾವ್ಕಾರ. ಅದು ಸೆಟ್‌ಆಫ್ ಆಗಂಗಿಲ್ಲ, ಮಾಲಿನ ಖರ್ಚಿಗೆ ಸೇರಸಬೇಕು. ಸಿ ಫಾರ್ಮ್ ಅಷ್ಟು ಕೊಟ್ಟಬಿಡ್ರಿ."

ಇಲ್ಲಿ ಕಾಕಾ ಮರೆತಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲಾ ನೆನಪಿದೆ, ಅದೇ ತೊಂದರೆ. ಅವರ ಕಾಲದಲ್ಲಿ ಇದು ನೂರಕ್ಕೆ ನೂರು ಸರಿ. ಕೊಲ್ಹಾಪುರದಿಂದ ತಂದ ಮಾಲಿಗೆ ಕೊಂಡವರು ಸಿ ಫಾರ್ಮ್ ಅನ್ನುವ ಪತ್ರ ಕೊಟ್ಟರೆ ಸಿಎಸ್‌ಟಿ ಅನ್ನುವ ಅಂತರರಾಜ್ಯ ಮಾರಾಟ ತೆರಿಗೆ ಶೇಕಡಾ 2. ಆ ತೆರಿಗೆ ರಾಜ್ಯದ ತೆರಿಗೆಯಾದ ವ್ಯಾಟ್‌ನಲ್ಲಿ ವಾಪಸ್ ಸಿಗುತ್ತಿರಲಿಲ್ಲ, ಮಾಲಿನ ಬೆಲೆಗೇ ಸೇರುತ್ತಿತ್ತು. ಈಗ ಐಜಿಎಸ್‌ಟಿ ಪೂರ್ತಿ ಕ್ರೆಡಿಟ್ ಸಿಗುತ್ತದೆ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಕಾಕಾನ ಎಂಟ್ರಿ ಹಾಗೇ ಉಳಿದರೆ ಗೆಳೆಯ 36,000 ರೂಪಾಯಿಯನ್ನು ಸರ್ಕಾರಕ್ಕೆ ಉಡುಗೊರೆ ಕೊಟ್ಟಂತೆ. ಜೊತೆಗೆ ಮಾಲಿನ ಖರ್ಚೂ ಅಷ್ಟೇ ಜಾಸ್ತಿ ಕಾಣುತ್ತದೆ. ಏನೂ ಗೊತ್ತಿಲ್ಲದವನು ಕೈ ತಡೆದು ಯಾರನ್ನಾದರೂ ಕೇಳುತ್ತಾನೆ. ಕಾಕಾನ ಕೈಗೆ ತಡೆಯುವ ಕಾರಣವೇ ಇರಲಿಲ್ಲ. ಟ್ಯಾಲಿಯೂ ತಕರಾರು ಮಾಡಲಿಲ್ಲ. ಡೆಬಿಟ್ಟಿಗೆ ಕ್ರೆಡಿಟ್ ಸರಿ ಇದ್ದರೆ ಅದಕ್ಕೆ ಸಾಕು.

ಹುಡುಗಿ ಕೂತಳು. ಖರೀದಿ 2,00,000, ಇನ್‌ಪುಟ್ ಐಜಿಎಸ್‌ಟಿ 36,000. ಆಮೇಲೆ ಕೈ ಎತ್ತಿ, "ಇವ್ರು ಅಪ್‌ಲೋಡ್ ಮಾಡ್ಯಾರೇನ್ರಿ ಸರ?" ಅಂದಳು.

"ಯಾರು?"

"ಕೊಲ್ಹಾಪುರದವರ‍್ರಿ. ಹನ್ನೊಂದನೇ ತಾರೀಖಿನೊಳಗ ಅವ್ರು ಆರ್-ಒನ್ ತುಂಬಿದ್ರ, ಹದಿನಾಲ್ಕಕ್ಕ ನಮ್ಮ ಟು-ಬಿಯೊಳಗ ಬರ್ತೈತ್ರಿ. ಬರಲಿಲ್ಲಂದ್ರ ಇಪ್ಪತ್ತಕ್ಕ ತ್ರೀ-ಬಿ ತುಂಬುವಾಗ ಇದನ್ನ ತಗೊಳ್ಳಾಕ ಬರಂಗಿಲ್ಲ. ಆಡಿಟರ ಹತ್ರ ಇದ್ದಾಗ ಒಬ್ಬ ಪಾರ್ಟಿ ಮೂರು ತಿಂಗಳು ಹಿಂಗ ಸತಾಯಿಸಿದ್ರಿ. ಫೋನ್ ಮಾಡಿ ಮಾಡಿ ಸಾಕಾಗಿ ಅವ್ರ ಪೇಮೆಂಟ ಹಿಡಿದ್ವಿ. ಮರುದಿನ ಅಪ್‌ಲೋಡ್ ಆತ್ರಿ."

ಒಂದು ವರ್ಷದ ಮಾರ್ಕು ಹೀಗಿರುತ್ತದೆ ನೋಡಿ. ಆರ್-ಒನ್ ಅಂದರೆ ಮಾರಿದವರು ಸರ್ಕಾರಕ್ಕೆ ಕೊಡುವ ಬಿಲ್ಲುಗಳ ಲೆಕ್ಕ, ಟು-ಬಿ ಅಂದರೆ ಅದರಿಂದ ಕೊಂಡವರಿಗೆ ತಯಾರಾಗುವ ಕ್ರೆಡಿಟ್ ಪಟ್ಟಿ, ತ್ರೀ-ಬಿ ಅಂದರೆ ತೆರಿಗೆ ಕಟ್ಟುವ ತಿಂಗಳ ರಿಟರ್ನ್. ಬಿಲ್ ಕೈಯಲ್ಲಿದ್ದರೆ ಸಾಲದು, ಟು-ಬಿಯಲ್ಲಿ ಕಾಣಬೇಕು ಅನ್ನುವ ಕಟ್ಟುನಿಟ್ಟು ಬಂದಿದ್ದು 2022ರ ಜನವರಿಯಿಂದ. 2018ರಲ್ಲಿ ಕೆಲಸ ಬಿಟ್ಟವರಿಗೆ ಜಿಎಸ್‌ಟಿ ಗೊತ್ತಿದ್ದರೂ ಇದು ಗೊತ್ತಿರುವುದಿಲ್ಲ. ನಿಯಮವನ್ನು ಓದಿಯಾದರೂ ತಿಳಿಯಬಹುದು. ಪೇಮೆಂಟ್ ಹಿಡಿದರೆ ಮರುದಿನ ಅಪ್‌ಲೋಡ್ ಆಗುತ್ತದೆ ಅನ್ನುವುದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಇತ್ತೀಚೆಗೆ ಕೆಲಸ ಮಾಡಿದವರನ್ನು ಗುರುತಿಸುವುದು ಸುಲಭ. ಅವರು ತಾರೀಖು ಹಿಡಿದು ಬೈಯುತ್ತಾರೆ. ಹಳಬರು "ಟ್ಯಾಲಿ ಎಲ್ಲಾ ಬರ್ತೈತ್ರಿ" ಅನ್ನುತ್ತಾರೆ.

ಪೋರ್ಟಲ್ ತೆಗೆದು ನೋಡಿದೆವು. ಕೊಲ್ಹಾಪುರದವರು ಅಪ್‌ಲೋಡ್ ಮಾಡಿರಲಿಲ್ಲ. ಗೆಳೆಯನ ಮುಖ ಸಣ್ಣದಾಯಿತು. ಅಳಿಯ ಮೆಲ್ಲಗೆ, "ಕಾಕಾರ ಲೆಕ್ಕದಾಗ ಈ ತ್ರಾಸು ಇದ್ದಿದ್ದಿಲ್ಲ" ಅಂದ. ಖರೆ. ಕ್ರೆಡಿಟ್ಟನ್ನೇ ತಗೊಳ್ಳದವನಿಗೆ ಅದು ಸಿಕ್ಕಲಿಲ್ಲ ಅನ್ನುವ ಚಿಂತೆ ಎಲ್ಲಿಯದು?

ಕಾಕಾಗೂ ನ್ಯಾಯ ಸಲ್ಲಬೇಕು. ಹುಡುಗಿ ಪೋರ್ಟಲ್‌ನಲ್ಲಿದ್ದಾಗ ಅವರು ಕ್ಯಾಶ್ ಬುಕ್ ನೋಡುತ್ತಾ ಕೂತಿದ್ದರು. "ಸಾವ್ಕಾರ, ಶನಿವಾರ ನಿಮ್ಮ ಪೆಟ್ಟಿಗ್ಯಾಗ ಮೈನಸ್ 4,300 ರೂಪಾಯಿ ಇತ್ತೇನು?" ಅಂದರು. ಪೆಟ್ಟಿಗೆಯಲ್ಲಿ ಸೊನ್ನೆಗಿಂತ ಕಡಿಮೆ ದುಡ್ಡು ಇರೋಕೆ ಸಾಧ್ಯವಿಲ್ಲ. ಅಳಿಯ ಶನಿವಾರದ ಬಟವಾಡೆ ಬರೆದಿದ್ದ, ಅದಕ್ಕಾಗಿ ಬ್ಯಾಂಕಿನಿಂದ ದುಡ್ಡು ತೆಗೆದಿದ್ದನ್ನು ಬರೆದಿರಲಿಲ್ಲ. ಹುಡುಗಿ ಅದನ್ನು ಕಂಡಿರಲಿಲ್ಲ. ಈ ಕಣ್ಣಿಗೆ ಎಂಟಲ್ಲ, ಎಂಬತ್ತು ವರ್ಷವಾದರೂ ತುಕ್ಕು ಹಿಡಿಯಲ್ಲ. ಯಾಕಂದರೆ ಕ್ಯಾಶ್ ಬುಕ್ಕಿನ ನಿಯಮವನ್ನು ಯಾವ ಕೌನ್ಸಿಲ್ಲೂ ಸಭೆ ಸೇರಿ ಬದಲಿಸುವುದಿಲ್ಲ. ಬದಲಾಗುವುದು ಅದರ ಮೇಲಿನ ತೆರಿಗೆಯ ಪದರ. ಇವೆರಡನ್ನೂ ಅಳಿಯನ ಶೀಟು ಒಂದೇ ಖಾನೆಯಲ್ಲಿ 'ಟ್ಯಾಲಿ' ಅಂತ ಬರೆದುಕೊಂಡಿತ್ತು.

ಶೀಟಿನಲ್ಲಿ ಹೊಸ ಕಾಲಂ ಹಾಕು ಅಂದೆ. ಅಳಿಯ ಒಪ್ಪಿದ. 'ಕೊನೆಯ ಸಲ ಯಾವಾಗ' ಅಂತ ಹಾಕಿ, ಕಾಕಾಗೆ 2017, ಹುಡುಗಿಗೆ 2024 ಅಂತ ತುಂಬಿದ. ಆಮೇಲೆ ಅಭ್ಯಾಸಬಲದಿಂದ ಅದನ್ನೂ ಕೂಡಿಸಿದ. ಕಾಕಾಗೆ 2,029, ಹುಡುಗಿಗೆ 2,025. ಕಾಕಾನೇ ಮುಂದೆ.

ಗೆಳೆಯ ಲ್ಯಾಪ್‌ಟಾಪ್ ಮುಚ್ಚಿ, "ತಂಗಿ, ಸೋಮವಾರದಿಂದ ಬಾ" ಅಂದ. ಕ್ಯಾಶ್ ಬುಕ್ ನೋಡೋಕೆ ವಾರಕ್ಕೊಂದು ದಿನ ಬರ್ತೀರಾ ಅಂತ ಕಾಕಾನನ್ನೂ ಕೇಳಿದ. ಅವರು ಕಬ್ಬು ಕಟಾವಿನ ತಿಂಗಳು ಬಿಟ್ಟು ಬರುವುದಾಗಿ ಒಪ್ಪಿದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕಾಕಾ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದರು. "ಅಲ್ಲವಾ, ಸಿ ಫಾರ್ಮ್ ಖರೇನ ತೆಗದ್ರೇನು?"

"ಪೆಟ್ರೋಲ್, ಡೀಸೆಲ್ ಅಂಥಾವಕ್ಕ ಇನ್ನೂ ಐತ್ರಿ ಕಾಕಾ."

ಕಾಕಾನ ಮುಖ ಅರಳಿತು. "ಹಂಗಾರ ಪೆಟ್ರೋಲ್ ಬಂಕಿನ್ಯಾಗ ಒಂದ್ಸಲ ವಿಚಾರಸ್ತೀನಿ ತಗೋ" ಅಂದರು.