ಫೋನಿನ ಚೌಕಾಬಾರದಲ್ಲಿ ಬಾರ ಯಾಕಿಷ್ಟು ಬೀಳುತ್ತೆ?

ನಾನು ಇಳಿಸಿಕೊಂಡ ಒಂದು ಚೌಕಾಬಾರ ಆ್ಯಪ್‌ನಲ್ಲಿ ಬಾರ ಬೀಳುವುದನ್ನು ನೋಡಿ ನಮ್ಮಮ್ಮನಿಗೆ ಅನುಮಾನ ಬಂತು. "ಇದೇನೇ, ಕವಡೆ ಹಾಕೋಕ್ಕೆ ಮುಂಚೇನೇ ಎಂಟು ಬಂದಿರುತ್ತೆ" ಅಂದರು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಅನುಮಾನ ಬಂದ ಮೇಲೆ ಸುಮ್ನೆ ಕೂರುವ ಜಾತಿ ಅಲ್ಲ. ಪೆನ್ನು ಪೇಪರ್ ತಗೊಂಡು ಪ್ರತಿ ಸಲ ಬಿದ್ದ ಗರ ಎಷ್ಟು ಅಂತ ಬರೆದುಕೊಳ್ಳುತ್ತಾ ಹೋದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐದೈದು ಮನೆಯ ಚೌಕ, ಒಟ್ಟು 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಒಂದು. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ನಾಲ್ಕು ಕವಡೆ ಹಾಕಿ, ಬಾಯಿ ಮೇಲೆ ಮಾಡಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಕವಡೆ ಹಾಕಬಹುದು. ಎದುರಾಳಿಯ ಕಾಯಿ ಹೊಡೆದವರಿಗೆ ಮಾತ್ರ ಒಳಸುತ್ತಿಗೆ ದಾರಿ. ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಮೈಸೂರು ಕಡೆ ಚೌಕಾಬಾರ ಅಂತಾರೆ, ಬೇರೆ ಕಡೆ ಕಟ್ಟೆಮನೆ ಅಂತಲೂ ಹೆಸರಿದೆ.

ಈಗ ಲೆಕ್ಕ. ಒಂದು ಕವಡೆ ಎರಡು ರೀತಿ ಬೀಳಬಹುದು, ನಾಲ್ಕು ಕವಡೆ ಒಟ್ಟು 16 ರೀತಿ. ಅದರಲ್ಲಿ ನಾಲ್ಕೂ ಬೋರಲಾಗುವುದು ಒಂದೇ ರೀತಿ, ನಾಲ್ಕೂ ಬಾಯಿ ಮೇಲಾಗುವುದೂ ಒಂದೇ ರೀತಿ. ಒಂದು ಬೀಳೋಕೆ 4 ದಾರಿ, ಎರಡು ಬೀಳೋಕೆ 6, ಮೂರು ಬೀಳೋಕೆ 4. ಹಾಗಾಗಿ ಒಂದು ಎರಡು ಮೂರು ಸುರಿಯುತ್ತವೆ, ಚೌಕ ಬಾರ ಅಪರೂಪ. ನೂರು ಗರ ಹಾಕಿದರೆ ಚೌಕ ಬಾರ ಎರಡೂ ಸೇರಿ ಹನ್ನೆರಡು ಹದಿಮೂರು ಸಲ ಬೀಳಬೇಕು. ಬಾರ ಬಿದ್ದಾಗ ಮನೆಯಲ್ಲಿ ಕೇಕೆ ಏಳೋದು ಇದಕ್ಕೇ.

ನನ್ನ ಪೇಪರಿನಲ್ಲಿ ಐದೂ ಗರಗಳು ಹೆಚ್ಚು ಕಡಿಮೆ ಸಮ ಸಮ ಬಂದಿದ್ದವು. ಅಂದರೆ ಅದನ್ನು ಬರೆದವರು ಕವಡೆಯನ್ನು ಲೆಕ್ಕಕ್ಕೇ ತಗೊಂಡಿಲ್ಲ. ಒಂದು, ಎರಡು, ಮೂರು, ನಾಲ್ಕು, ಎಂಟು ಅಂತ ಐದು ಸಂಖ್ಯೆ ಪಟ್ಟಿ ಮಾಡಿ, ಅದರಲ್ಲಿ ಯಾವುದೋ ಒಂದನ್ನು ಎತ್ತು ಅಂತ ಹೇಳಿದ್ದಾರೆ. ಪರದೆಯ ಮೇಲೆ ಉರುಳುವ ಕವಡೆ ಬರೀ ಚಿತ್ರ. ಮೊದಲು ಸಂಖ್ಯೆ ಬರುತ್ತದೆ, ಆಮೇಲೆ ಅದಕ್ಕೆ ತಕ್ಕ ಹಾಗೆ ಕವಡೆ ಮಗುಚುತ್ತವೆ. ಅಮ್ಮ ಹೇಳಿದ್ದು ಅಕ್ಷರಶಃ ನಿಜ.

ಇದರಿಂದ ಏನಾಯ್ತು ಮಹಾ ಅನ್ನಬೇಡಿ. ನಿಜವಾದ ಕವಡೆಯಲ್ಲಿ ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ. ಎಂಟು ಸಲಕ್ಕೊಮ್ಮೆ ಮರು ಗರ ಸಿಗುತ್ತದೆ. ಅದನ್ನೂ ಸೇರಿಸಿದರೆ ಒಬ್ಬರ ಸರದಿಗೆ ಮೂರು ಮನೆಗಿಂತ ಸ್ವಲ್ಪ ಕಡಿಮೆ. ಈ ಆ್ಯಪ್‌ನಲ್ಲಿ ಒಂದು ಗರಕ್ಕೇ ಸರಾಸರಿ 3.6 ಮನೆ, ಐದು ಗರದಲ್ಲಿ ಎರಡಕ್ಕೆ ಮರು ಗರ. ಸರದಿಗೆ ಸರಿಯಾಗಿ ಆರು ಮನೆ! ಒಂದು ಕಾಯಿ ಹೊರಟ ಮನೆಯಿಂದ ಹಣ್ಣಾಗುವವರೆಗೆ ನಡೆಯಬೇಕಾದ್ದು 24 ಹೆಜ್ಜೆ. ನಮ್ಮ ಕವಡೆಗೆ ಎಂಟೊಂಬತ್ತು ಸರದಿ ಬೇಕು, ಆ್ಯಪ್‌ಗೆ ನಾಲ್ಕು ಸಾಕು.

ಹಿಂದೆ ಬರುವ ಕಾಯಿಯ ಭಯ ಹುಟ್ಟೋದೇ ನಿಧಾನದಿಂದ. ಕಟ್ಟೆ ಅಂದರೆ ಕಾಯಿ ಹೊಡೆಯಲಾಗದ ಮನೆ. ನನ್ನ ಕಾಯಿ ಅದಕ್ಕೆ ಎರಡು ಮನೆ ದೂರದಲ್ಲಿದೆ, ನಿಮ್ಮ ಕಾಯಿ ನನ್ನ ಹಿಂದೆ ಮೂರು ಮನೆಯಲ್ಲಿದೆ. ನಿಮಗೆ ಮೂರು ಬೀಳುವ ಸಂಭವ ನಾಲ್ಕರಲ್ಲಿ ಒಂದು. ಒಂದು ಬಿದ್ದು ಆಮೇಲೆ ಎರಡು ಬೀಳಲಿ ಅಂತ ನೀವು ಕಾಯಬಹುದು, ಅಷ್ಟರಲ್ಲಿ ನಾನು ಕಟ್ಟೆ ಸೇರಬಹುದು. ನಾನು ಈ ಕಾಯಿ ನಡೆಸಲೋ ಬೇರೆಯದನ್ನೋ? ಈ ತಲೆಬಿಸಿಯೇ ಚೌಕಾಬಾರ. ಸರದಿಗೆ ಆರು ಮನೆ ಹಾರುವ ಆಟದಲ್ಲಿ ಅಷ್ಟು ಹೊತ್ತು ಯಾರೂ ಯಾರ ಹಿಂದೆಯೂ ಇರುವುದಿಲ್ಲ.

ಹಾಗಂತ ಫೋನು ಕೆಟ್ಟದ್ದು, ಜಗಲಿ ಒಳ್ಳೆಯದು ಅಂತ ಹೊರಟವಳಲ್ಲ ನಾನು. 16ರಲ್ಲಿ ಒಂದು ಅಂತ ಸರಿಯಾಗಿ ಬರೆದ ಆ್ಯಪ್ ನಮ್ಮ ಕವಡೆಗಿಂತ ನ್ಯಾಯವಂತ. ನಿಜವಾದ ಕವಡೆ ಸಮ ಸಮ ಬೀಳಬೇಕು ಅಂತ ಎಲ್ಲಿದೆ? ಪ್ರತಿ ಕವಡೆಗೂ ಅದರದೇ ಬೆನ್ನು, ಅದರದೇ ತೂಕ. ಒಂದು ಉದಾಹರಣೆ ನೋಡಿ. ಕವಡೆಗಳು ಹತ್ತರಲ್ಲಿ ಐದರ ಬದಲು ಆರು ಸಲ ಬಾಯಿ ಮೇಲೆ ಮಾಡುತ್ತವೆ ಅಂದುಕೊಳ್ಳೋಣ. ಕಣ್ಣಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಚೌಕ ನೂರಕ್ಕೆ ಆರರಿಂದ ಹದಿಮೂರಕ್ಕೆ ಏರುತ್ತದೆ, ಬಾರ ಆರರಿಂದ ಎರಡೂವರೆಗೆ ಇಳಿಯುತ್ತದೆ. ನಾಲ್ಕೂ ಕವಡೆ ಒಂದೇ ಕಡೆಗೆ ವಾಲಿದಾಗ ಪರಿಣಾಮ ಹೀಗೆ ಗುಣಿಸಿಕೊಂಡು ಹೋಗುತ್ತದೆ. ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಆಡುವ ಮನೆಗಳಲ್ಲಂತೂ ಕೇಳೋದೇ ಬೇಡ. ಎಷ್ಟು ಉಜ್ಜಿದಿರಿ ಅನ್ನೋದರ ಮೇಲೆ ಆಟ.

ಇದು ದೋಷವಾ? ನನಗೆ ಹಾಗನಿಸುವುದಿಲ್ಲ. ಆ ನಾಲ್ಕು ಕವಡೆಯನ್ನು ಎಲ್ಲರೂ ಹಾಕುತ್ತಾರೆ, ಹಾಗಾಗಿ ಅನ್ಯಾಯವೂ ಎಲ್ಲರಿಗೂ ಸಮ. ಬೇಸಿಗೆ ರಜೆಗೆ ಬಂದ ಮಕ್ಕಳು ವಾರದೊಳಗೆ ಈ ಮನೆಯ ಕವಡೆ ಚೌಕ ಕೊಡುತ್ತೆ, ಬಾರ ಕೊಡಲ್ಲ ಅಂತ ಕಂಡುಕೊಳ್ಳುತ್ತಾರೆ. ಆಮೇಲೆ ಕಾಯಿ ನಡೆಸುವ ರೀತಿಯೇ ಬದಲಾಗುತ್ತದೆ. ಆ್ಯಪ್‌ನಲ್ಲಿ ಇಂಥದ್ದು ಪತ್ತೆಯಾದರೆ ಅದನ್ನು ಮೋಸ ಅಂತೀವಿ. ಯಾಕೆಂದರೆ ಅಲ್ಲಿ ಗರ ಎಲ್ಲಿಂದ ಬಂತು ಅನ್ನೋದು ಯಾರಿಗೂ ಕಾಣಿಸುವುದಿಲ್ಲ. ಕಾಣದ ಜಾಗದಲ್ಲಿ ನ್ಯಾಯ ಇದ್ದರೂ ನಂಬಿಕೆ ಹುಟ್ಟಲ್ಲ.

ಲೂಡೋ ಆಡುವವರು "ನನಗೆ ಆರು ಬೀಳಲೇ ಇಲ್ಲ, ಇದರಲ್ಲಿ ಏನೋ ಇದೆ" ಅಂತ ಬೈಯುವುದು ಕೇಳಿದ್ದೀರಲ್ಲ? ದಾಳ ಸಾಚಾ ಇದ್ದರೂ, ಮೊದಲ ಹತ್ತು ಸಲದಲ್ಲಿ ಒಂದೂ ಆರು ಬೀಳದಿರುವ ಸಂಭವ ನೂರಕ್ಕೆ 16. ನಾಲ್ಕು ಜನ ಆಡಿದರೆ ಅವರಲ್ಲಿ ಒಬ್ಬರಿಗಾದರೂ ಹೀಗಾಗುವುದು ಸುಮಾರು ಅರ್ಧದಷ್ಟು ಆಟಗಳಲ್ಲಿ! ಎದುರಿಗೆ ಕೂತು ಆಡುವಾಗ ಹೀಗಾದರೆ ಜಾಗ ಬದಲಾಯಿಸುತ್ತೇವೆ, ಕೈ ಊದಿ ಹಾಕುತ್ತೇವೆ, ಪಕ್ಕದವರ ಕೈಯಲ್ಲಿ ಹಾಕಿಸುತ್ತೇವೆ. ಗಣಿತಕ್ಕೆ ಇದರಿಂದ ಏನೂ ಆಗುವುದಿಲ್ಲ, ಆದರೆ ಕೋಪಕ್ಕೆ ಒಂದು ದಾರಿ ಸಿಗುತ್ತದೆ. ಫೋನಿನಲ್ಲಿ ಅದೇ ಕೋಪ ಆ್ಯಪ್ ಮಾಡಿದವನ ಮೇಲೆ ಹೋಗುತ್ತದೆ.

ಫೋನಿನಿಂದ ಆದ ಲಾಭ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ದೂರ ಕಡಿಮೆಯಾದದ್ದು. ಮೈಸೂರಿನ ಅಜ್ಜಿ, ಅಮೆರಿಕದ ಮೊಮ್ಮಗಳು ಒಂದೇ ಚೌಕದ ಮುಂದೆ ಕೂರಬಹುದು. ಒಬ್ಬರು ಬೆಳಿಗ್ಗೆ ಕಾಯಿ ನಡೆಸಿ, ಇನ್ನೊಬ್ಬರು ಎದ್ದ ಮೇಲೆ ಉತ್ತರ ಕೊಡಬಹುದು. ಇನ್ನೊಂದು, ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದಕ್ಕೆ ಎದುರು ದಿಕ್ಕಿಗೆ ಅನ್ನೋದು ಹೊಸಬರಿಗೆ ಗೊಂದಲ. ಆ್ಯಪ್‌ನಲ್ಲಿ ಕಾಯಿ ತಾನೇ ಸರಿಯಾದ ದಾರಿ ಹಿಡಿಯುವುದರಿಂದ ಅರ್ಧ ಗಂಟೆಯಲ್ಲಿ ಆಟ ಬಂದುಬಿಡುತ್ತದೆ.

ಆದರೆ ಆ ಸಹಾಯ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಗರ ಬಿದ್ದ ತಕ್ಷಣ ನಡೆಸಬಹುದಾದ ಕಾಯಿಗಳು ಮಿನುಗುತ್ತವೆ, ಯಾವ ಕಾಯಿ ಹೊಡೆಯಬಹುದು ಅಂತಲೂ ಕೆಲವದರಲ್ಲಿ ತೋರಿಸುತ್ತದೆ. ನಿಮ್ಮ ಹತ್ತಿರ ಇರೋದೇ ನಾಲ್ಕು ಕಾಯಿ. ಅದರಲ್ಲಿ ಎರಡು ಹಣ್ಣಾಗಿದ್ದರೆ ಉಳಿದದ್ದು ಎರಡು. ಕೂತು ಆಡುವಾಗ ಆ ಎರಡನ್ನೂ ಕಣ್ಣಲ್ಲೇ ಎಣಿಸಿ, ತಪ್ಪಿ, ಮತ್ತೆ ಎಣಿಸಿ ನಿರ್ಧಾರ ಮಾಡಬೇಕು. ಹೊಡೆಯುವ ಅವಕಾಶ ಕಣ್ಣಿಗೆ ಬೀಳದೆ ತಪ್ಪಿಹೋದರೆ ಎದುರಿನವರು ತುಟಿ ಕಚ್ಚಿಕೊಂಡು ಸುಮ್ಮನಿರುತ್ತಾರೆ. ಸರದಿ ಮುಗಿದ ಮೇಲೆ ಮಾತ್ರ ನಗು ಹೊರಗೆ ಬರುತ್ತದೆ. ಗಮನ ಕೊಡುವುದೇ ಅರ್ಧ ಆಟ. ಆ್ಯಪ್ ಅದನ್ನು ತಾನೇ ಮಾಡಿಬಿಟ್ಟರೆ ನಮಗೆ ಉಳಿಯುವುದು ಮಿನುಗುವ ಎರಡರಲ್ಲಿ ಒಂದನ್ನು ಒತ್ತುವ ಕೆಲಸ. ಬೇಜಾರು ಬರೋದು ಅಲ್ಲೇ. ಇನ್ನು ಎಣಿಕೆ ಕಲಿಯಬೇಕಾದ ನಾಲ್ಕು ವರ್ಷದ ಮಗುವಿಗಂತೂ ಕಾಯಿ ತಾನೇ ಓಡುವುದು ಪೂರ್ತಿ ನಷ್ಟ.

ನಿಯಮಗಳ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ದೊಡ್ಡದು. ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿ ಸೇರಿದರೆ ಗಟ್ಟಿ. ಗಟ್ಟಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಗಟ್ಟಿ ಹೊರಸುತ್ತಿನಲ್ಲೂ ಆಗುತ್ತದೆಯೋ, ಒಳಗೆ ಮಾತ್ರವೋ? ಎರಡು ಬಿದ್ದರೆ ಗಟ್ಟಿ ಒಂದು ಮನೆಯೋ ಎರಡು ಮನೆಯೋ? ಸತತ ಮೂರು ಸಲ ಚೌಕವೋ ಬಾರವೋ ಬಿದ್ದರೆ ಸುಟ್ಟುಹೋಯಿತು ಅನ್ನಬೇಕೋ ಬೇಡವೋ? ಒಂದೊಂದು ಮನೆಯದು ಒಂದೊಂದು ಉತ್ತರ. ಬೇರೆ ಬೇರೆ ಊರಿನ ನೆಂಟರು ಸೇರಿದರೆ ಆಟ ಶುರುವಾಗುವ ಮುಂಚೆ ಒಂದು ಪಂಚಾಯ್ತಿ ಆಗಲೇಬೇಕು. ಚಿಕ್ಕ ಮಗುವೊಂದು ಯಾರನ್ನೂ ಹೊಡೆಯಲಾಗದೆ ಅಳುಮುಖ ಮಾಡಿದರೆ "ಹೋಗಲಿ ಬಿಡ್ರೋ, ಅವಳು ಹಾಗೇ ಒಳಗೆ ಹೋಗಲಿ" ಅಂತ ಆಟದ ನಡುವೆಯೇ ನಿಯಮ ಸಡಿಲ ಮಾಡುತ್ತೇವೆ. ಆ್ಯಪ್‌ಗೆ ಗೊತ್ತಿರುವುದು ಅದನ್ನು ಬರೆದವನ ಮನೆಯ ನಿಯಮ. ಲಕ್ಷ ಜನ ಅದನ್ನೇ ಆಡುತ್ತಾ ಹೋದರೆ ಮುಂದಿನ ಮಕ್ಕಳು ಅಜ್ಜಿಗೇ "ನಿಮ್ಮದು ತಪ್ಪು ಅಜ್ಜಿ" ಅನ್ನುತ್ತಾರೆ.

ಇದಕ್ಕೆ ಪರಿಹಾರ ಇಲ್ಲ ಅಂತೇನಿಲ್ಲ, ಕಷ್ಟವೂ ಅಲ್ಲ. ಈ ನಾಲ್ಕೈದು ಪ್ರಶ್ನೆಗಳನ್ನು ಆಟ ಶುರುವಾಗುವ ಮುಂಚೆ ಕೇಳಿ, ಉತ್ತರಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಆ್ಯಪ್ ಮಾಡಬಹುದು. ಮಿನುಗುವುದನ್ನು ನಿಲ್ಲಿಸುವ ಗುಂಡಿ ಒಂದಿರಲಿ. ಆಟದ ಕೊನೆಯಲ್ಲಿ ಯಾರಿಗೆ ಯಾವ ಗರ ಎಷ್ಟು ಸಲ ಬಿತ್ತು ಅನ್ನೋ ಪಟ್ಟಿ ಕೊಡಲಿ, ಅರ್ಧ ಜಗಳ ಅಲ್ಲೇ ತೀರುತ್ತದೆ. ಇನ್ನೂ ಒಂದು ಬೇಕು: ಗರವನ್ನು ಕೈಯಿಂದ ತುಂಬುವ ಅವಕಾಶ.

ನಮ್ಮ ಮನೆಯಲ್ಲಿ ಈಗ ಆಡುವುದು ಹಾಗೇನೇ, ಆ್ಯಪ್ ಇಲ್ಲದೆ. ವಿಡಿಯೋ ಕಾಲ್ ಹಾಕಿ, ಎರಡೂ ಕಡೆ ಚೌಕ ಬರೆದು, ಎರಡೂ ಕಡೆ ಎಲ್ಲರ ಕಾಯಿ ಇಟ್ಟುಕೊಳ್ಳುತ್ತೇವೆ. ಅವರವರ ಕವಡೆಯನ್ನು ಕ್ಯಾಮೆರಾ ಮುಂದೆಯೇ ಹಾಕಬೇಕು. ಒಂದು ಕವಡೆ ಚಾಪೆಯ ಅಂಚಿಗೆ ಓರೆಯಾಗಿ ನಿಂತರೆ ಗರ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು. ತೊಂದರೆ ಒಂದೇ. ಮೂರು ನಾಲ್ಕು ಸುತ್ತಾಗುವಷ್ಟರಲ್ಲಿ ಈ ಕಡೆಯ ಚೌಕಕ್ಕೂ ಆ ಕಡೆಯ ಚೌಕಕ್ಕೂ ತಾಳೆಯಾಗುವುದಿಲ್ಲ, ಯಾರೋ ಒಂದು ಕಾಯಿ ಒಂದು ಮನೆ ಜಾಸ್ತಿ ನಡೆಸಿರುತ್ತಾರೆ. ಫೋನು ಚೆನ್ನಾಗಿ ಮಾಡುವುದು ಈ ಲೆಕ್ಕ ಇಡುವ ಕೆಲಸವನ್ನೇ. ಕವಡೆ ನಮ್ಮ ಕೈಯಲ್ಲಿ, ಚೌಕ ಅದರ ಕೈಯಲ್ಲಿ ಇರುವಂಥ ಆ್ಯಪ್ ಯಾರಾದರೂ ಮಾಡಿದ್ದರೆ ಕಾಮೆಂಟಿನಲ್ಲಿ ಹಾಕಿ. ನಿಮ್ಮ ಮನೆಯಲ್ಲಿ ಗಟ್ಟಿಗೆ ಎರಡು ಬಿದ್ದರೆ ಎಷ್ಟು ಮನೆ ಅಂತಲೂ ಬರೆಯಿರಿ, ಅಮ್ಮ ಕೇಳ್ತಾ ಇದ್ದಾರೆ.