ಮುಟ್ಟಿದರೆ ಮುನಿ ಮೆನು

ಹಾಸನದ ಬಿ.ಎಂ. ರಸ್ತೆ ಪಕ್ಕದ ಒಂದು ಮಹಡಿ ಮೇಲಿನ ಕೋಣೆಯಲ್ಲಿ ನಾನು ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಬರುವವರಲ್ಲಿ ಅರ್ಧಕ್ಕರ್ಧ ನಿವೃತ್ತರು. ಅವರಿಗೆ ಮನೆಗೆ ಹೋದ ಮೇಲೆ ಮರೆತುಹೋಗುತ್ತದೆ, ಹಾಗಾಗಿ ನಾನೇ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಮಾಡಿ ಜೆರಾಕ್ಸ್ ಹಾಕಿಸಿ ಕೊಟ್ಟಿದ್ದೆ. ಮೊನ್ನೆ ಅರಸೀಕೆರೆ ಕಡೆಯ ಒಬ್ಬ ಮೇಷ್ಟ್ರು ಅದನ್ನು ಹಿಡಿದುಕೊಂಡು ಬಂದರು. ಸೈಟಿನ ಅಳತೆ ಬರೆಯುವಾಗ ಚದರ ಮೀಟರಿಗೆ ‘ಮೀ’ ಪಕ್ಕ ಮೇಲೆ ಚಿಕ್ಕದಾಗಿ 2 ಹಾಕಬೇಕಲ್ಲ, ಆ ಪುಟ.

"ಮೇಡಂ, ‘ಚಿತ್ರದಲ್ಲಿ ತೋರಿಸಿದ ಮೆನುವಿನಲ್ಲಿ ಒತ್ತಿ’ ಅಂತ ಬರೆದಿದ್ದೀರಿ. ಚಿತ್ರದಲ್ಲಿ ಮೆನುನೇ ಇಲ್ಲವಲ್ಲ?"

ನೋಡಿದೆ. ನಿಜ. ಖಾಲಿ ಹಾಳೆ, ಮೇಲೆ ಒಂದು ಪಟ್ಟಿ, ಅಷ್ಟೇ. ಮೆನು ಬಿಚ್ಚಿಟ್ಟುಕೊಂಡೇ ನಾನು ಪರದೆಯ ಫೋಟೋ, ಅಂದರೆ ಸ್ಕ್ರೀನ್‌ಶಾಟ್ ತೆಗೆಯುವ ಕೀ ಒತ್ತಿದ್ದೆ. ಒತ್ತಿದ ಕ್ಷಣ ಅದು ಮುಟ್ಟಿದರೆ ಮುನಿ ಎಲೆಯ ಹಾಗೆ ಮುಚ್ಚಿಕೊಂಡಿದೆ, ನಾನು ಗಮನಿಸದೆ ಅಂಟಿಸಿಬಿಟ್ಟಿದ್ದೇನೆ.

ಈ ಕಾಟ ನನ್ನೊಬ್ಬಳದಲ್ಲ ಅಂತ ಗೊತ್ತು. ಆಫೀಸಿನಲ್ಲಿ ಯಾರಿಗಾದರೂ ‘ಇಲ್ಲಿ ಒತ್ತಿ’ ಅಂತ ತೋರಿಸಬೇಕಾದವರೆಲ್ಲ ಕೊನೆಗೆ ಮೊಬೈಲ್ ಎತ್ತಿ ಪರದೆಯ ಫೋಟೋ ಹೊಡೆಯುತ್ತಾರೆ. ಅದರಲ್ಲಿ ಗೆರೆಗೆರೆ ಬರುತ್ತದೆ, ಟ್ಯೂಬ್‌ಲೈಟ್ ಕಾಣುತ್ತದೆ, ಕೆಲವೊಮ್ಮೆ ಫೋಟೋ ತೆಗೆದವರ ಮುಖವೂ ಕಾಣುತ್ತದೆ. ಜೆರಾಕ್ಸಿಗೆ ಹಾಕಿದರೆ ಕಪ್ಪು ಮಸಿ. ಅದಕ್ಕೇ ಸ್ವಲ್ಪ ಉದ್ದ ಆದರೂ ಪರವಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಮೆನು ಯಾಕೆ ಓಡಿಹೋಗುತ್ತದೆ? ಬಿಚ್ಚಿದ ಮೆನು ಅನ್ನುವುದು ಒಂದು ತಾತ್ಕಾಲಿಕ ಕಿಟಕಿ. ಅದು ತೆರೆದಿರುವಷ್ಟು ಹೊತ್ತು ಮೌಸು, ಕೀಬೋರ್ಡು ಎರಡನ್ನೂ ತನ್ನ ಕಡೆಗೆ ಎಳೆದುಕೊಂಡು ಕೂತಿರುತ್ತದೆ. ನೀವು ಬೇರೆಲ್ಲೋ ಕ್ಲಿಕ್ ಮಾಡಿದರೆ, ಅಥವಾ ಬೇರೆ ಕಿಟಕಿ ಮುಂದೆ ಬಂದರೆ, ತನ್ನ ಕೆಲಸ ಮುಗಿಯಿತು ಅಂತ ಮುಚ್ಚಿಕೊಳ್ಳುತ್ತದೆ. ಅದು ಇರಬೇಕಾದ್ದೇ ಹಾಗೆ. ತೊಂದರೆ ಏನೆಂದರೆ, ಸ್ಕ್ರೀನ್‌ಶಾಟ್ ತೆಗೆಯುವ ಶಾರ್ಟ್‌ಕಟ್ ಕೂಡ ಅದರ ಕಣ್ಣಿಗೆ ‘ಬೇರೇನೋ ಆಯಿತು’ ಅಂತಲೇ ಕಾಣಬಹುದು. ನಾನು ಒತ್ತಿದ್ದು `Alt + PrtSc`. ವಿಂಡೋಸಿನಲ್ಲಿ ಆಲ್ಟ್ ಕೀಗೂ ಮೆನುವಿಗೂ ಹಳೆಯ ನಂಟು. ಮೆನು ತೆರೆದಿರುವಾಗ ಆಲ್ಟ್ ಒತ್ತಿದರೆ ಅದು ಮುಚ್ಚುತ್ತದೆ. ಅಂದರೆ ಫೋಟೋ ತೆಗೆಯುವ ಮುಂಚೆಯೇ ನಾನೇ ಮೆನುವನ್ನು ಎಬ್ಬಿಸಿ ಕಳಿಸಿದ್ದೆ.

`Win + Shift + S` ಒತ್ತಿ ಬೇಕಾದ ಚೌಕ ಎಳೆಯುವುದು ಈಗ ಎಲ್ಲರಿಗೂ ಗೊತ್ತು. ಇದರಲ್ಲಿ ಕೆಲವು ಮೆನು ಉಳಿಯುತ್ತವೆ, ಕೆಲವು ಹೋಗುತ್ತವೆ. ಆ ಪ್ರೋಗ್ರಾಮನ್ನು ಬರೆದವರು ಮೆನುವನ್ನು ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಒಮ್ಮೆ ಪ್ರಯತ್ನಿಸಿ, ಬಂದರೆ ಪುಣ್ಯ. ಬರದಿದ್ದರೆ ಹತ್ತು ಸಲ ಒತ್ತಿದರೂ ಬರುವುದಿಲ್ಲ, ಸುಮ್ನೆ ಕೀಬೋರ್ಡಿನ ಮೇಲೆ ಸಿಟ್ಟು ತೀರಿಸಿಕೊಂಡಂತೆ.

ಇಷ್ಟು ವರ್ಷ ಒದ್ದಾಡಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಮೊದಲು ಪರದೆ ಪೂರ್ತಿ ಹೆಪ್ಪುಗಟ್ಟಬೇಕು, ಆಮೇಲೆ ನಮಗೆ ಬೇಕಾದ ತುಂಡನ್ನು ಆರಿಸಬೇಕು. ತುಂಡು ಆರಿಸಿದ ಮೇಲೆ ಫೋಟೋ ತೆಗೆಯುತ್ತೇನೆ ಅನ್ನುವ ಉಪಕರಣದಿಂದ ಮೆನು ಸಿಗುವುದು ಕಷ್ಟ. ಚೌಕ ಎಳೆಯಲು ಮೌಸ್ ಒತ್ತಿದಿರಿ ಅಂದರೆ ಅದು ಮೆನುವಿನ ಹೊರಗೆ ಒತ್ತಿದ ಹಾಗೇ ಅಲ್ವಾ?

ಮೇಷ್ಟ್ರ ಪುಟವನ್ನು ಮತ್ತೆ ಹೇಗೆ ಮಾಡಿದೆ ಅಂತ ಹೇಳುತ್ತೇನೆ. ನಮ್ಮಲ್ಲಿರುವುದು ವಿಂಡೋಸ್ 11, ಬರೆಯಲು ಲಿಬ್ರೆ ಆಫೀಸ್ ರೈಟರ್. ಬೇಕಾಗಿದ್ದ ದಾರಿ `Format` → `Text` → `Superscript`. ಅಂದರೆ ಮೆನುವಿನ ಒಳಗೆ ಇನ್ನೊಂದು ಮೆನು. ಇದೇ ಕಷ್ಟದ ಜಾತಿ, ಯಾಕೆಂದರೆ ಎರಡೂ ಒಟ್ಟಿಗೆ ತೆರೆದಿರಬೇಕು.

ಸ್ಕ್ರೀನ್‌ಶಾಟ್ ತೆಗೆಯಲು ವಿಂಡೋಸಿನಲ್ಲೇ ಇರುವ ಸ್ನಿಪ್ಪಿಂಗ್ ಟೂಲ್ ಅನ್ನು ಶಾರ್ಟ್‌ಕಟ್‌ನಿಂದ ಅಲ್ಲ, ಸ್ಟಾರ್ಟ್ ಮೆನುವಿನಿಂದ ಒಂದು ಪ್ರೋಗ್ರಾಮಿನ ಹಾಗೆ ತೆರೆಯಿರಿ. ಮೇಲೆ ಗಡಿಯಾರದ ಚಿಹ್ನೆ ಇದೆ. ಅದನ್ನು ಒತ್ತಿದರೆ 3, 5, 10 ಸೆಕೆಂಡು ತಡಮಾಡುವ ಆಯ್ಕೆ ಬರುತ್ತದೆ. ಆಕಾರಕ್ಕೆ ಚೌಕ ಇಟ್ಟುಕೊಂಡು, 5 ಸೆಕೆಂಡು ಆರಿಸಿ, `New` ಒತ್ತಿದೆ. ಈಗ ಕೈ ಆರಾಮ. ರೈಟರಿಗೆ ಹೋಗಿ `Format` ಬಿಚ್ಚಿದೆ, `Text` ಮೇಲೆ ಮೌಸ್ ಇಟ್ಟೆ, ಒಳಮೆನು ಬಂತು, `Superscript` ಮೇಲೆ ಮೌಸ್ ತಂದು ನಿಲ್ಲಿಸಿದೆ. ಕ್ಲಿಕ್ ಮಾಡಲಿಲ್ಲ. ಐದಾಗುತ್ತಿದ್ದಂತೆ ಪರದೆ ಮಬ್ಬಾಯಿತು. ಮಬ್ಬಿನಲ್ಲಿ ಎರಡೂ ಮೆನು ಹಾಗೇ ಇದ್ದವು. ಚೌಕ ಎಳೆದೆ, ಸಿಕ್ಕಿತು.

ಮೊದಲ ಸಲ ಸಿಗಲಿಲ್ಲ, ಸುಳ್ಳು ಹೇಳಬಾರದು. ಮೌಸನ್ನು ಓರೆಯಾಗಿ ಎಳೆದು ಪಕ್ಕದ ಸಾಲಿಗೆ ತಾಗಿಸಿದ್ದೆ, ಒಳಮೆನು ಮಡಚಿಕೊಂಡಿತು. ವಿಂಡೋಸಿನ ಸ್ವಂತ ಮೆನುಗಳಲ್ಲಿ ಒಳಮೆನು ಬಿಚ್ಚಿಕೊಳ್ಳಲು ಸಾಮಾನ್ಯವಾಗಿ 400 ಮಿಲಿಸೆಕೆಂಡು ಕಾಯುತ್ತದೆ. ಹತ್ತಿರಹತ್ತಿರ ಅರ್ಧ ಸೆಕೆಂಡು. ಮೂರು ಹಂತದ ಮೆನು ಇದ್ದರೆ ಕಾಯುವುದಕ್ಕೇ ಒಂದು ಸೆಕೆಂಡು ಹೋಯಿತು. ಅಂಥ ಕಡೆ 10 ಇಟ್ಟುಕೊಳ್ಳಿ, ಅವಸರ ಬೇಡ. ಟೈಮ್ ಮುಗಿಯುವ ಮುಂಚೆ ಮೆನು ಬಿಚ್ಚಲಾಗದಿದ್ದರೆ `Esc` ಒತ್ತಿ ಮತ್ತೆ ಶುರು.

ಪರದೆ ನಿಜವಾಗಿ ಹೆಪ್ಪುಗಟ್ಟಿದೆಯೋ ಇಲ್ಲವೋ ತಿಳಿಯುವುದು ಸುಲಭ. ಮೆನು ಕೂಡ ಉಳಿದದ್ದರ ಜೊತೆ ಮಬ್ಬಾಗಿದ್ದರೆ ನೀವು ನೋಡುತ್ತಿರುವುದು ಚಿತ್ರ, ನಿಜವಾದ ಮೆನು ಅಲ್ಲ. ಹಿಂದೆ ನಿಜವಾದದ್ದು ಮುಚ್ಚಿಹೋದರೂ ಚಿಂತೆಯಿಲ್ಲ. ಮೆನು ಇಲ್ಲದೆ ಬರೀ ಹಾಳೆ ಮಬ್ಬಾಗಿದ್ದರೆ ಚೌಕ ಎಳೆಯುವ ಶ್ರಮವೂ ಬೇಡ.

ಇನ್ನೊಂದು ವಿಷಯ, ಚಿತ್ರದಲ್ಲಿ ಮೌಸಿನ ಬಾಣ ಬಂದಿರಲಿಲ್ಲ. ಆದರೆ ಬಾಣ ಇದ್ದ ಸಾಲಿಗೆ ಬಣ್ಣ ಬಂದಿರುತ್ತದಲ್ಲ, ಅದು ಬಂದಿತ್ತು. ನನಗೆ ಅಷ್ಟೇ ಸಾಕು. ಕೆಂಪು ಬಾಣ ಬರೆದು ಚಿತ್ರವನ್ನು ಮದುವೆ ಚಪ್ಪರ ಮಾಡುವುದು ನನಗೆ ಇಷ್ಟವಿಲ್ಲ.

ಈಗ ನನ್ನ ಜಗಳ. ಮೆನುವಿಗೆ ನೋವಾಗದ ಹಾಗೆ ಫೋಟೋ ತೆಗೆಯುವ ಕೀ ಒಂದಿತ್ತು, ಬರೀ `PrtSc`. ಒತ್ತಿದರೆ ಏನೂ ಕಾಣುತ್ತಿರಲಿಲ್ಲ, ಸದ್ದಿಲ್ಲದೆ ಇಡೀ ಪರದೆ ಕ್ಲಿಪ್‌ಬೋರ್ಡಿಗೆ ಹೋಗುತ್ತಿತ್ತು, ಮೆನು ಇದ್ದಲ್ಲೇ ಇರುತ್ತಿತ್ತು. ಈಗಿನ ವಿಂಡೋಸ್ 11ರಲ್ಲಿ ಅದೇ ಕೀ ಒತ್ತಿದರೆ ಚೌಕ ಎಳೆಯುವ ಪರದೆ ಎದ್ದು ಬರುತ್ತದೆ. ಹೊಸಬರಿಗೆ ಅನುಕೂಲ ಇರಬಹುದು. ನನ್ನಂಥವರಿಗೆ ಮಾತ್ರ ಚೆನ್ನಾಗಿದ್ದ ಈಳಿಗೆಮಣೆಗೆ ಮೋಟಾರು ಕಟ್ಟಿದ ಹಾಗೆ. ಹಳೆಯದು ಬೇಕಿದ್ದರೆ `Settings` → `Accessibility` → `Keyboard` ಒಳಗೆ ಪ್ರಿಂಟ್ ಸ್ಕ್ರೀನ್ ಕೀ ಬಗ್ಗೆ ಒಂದು ಸ್ವಿಚ್ ಇದೆ, ಅದನ್ನು ಆಫ್ ಮಾಡಿ. ನಾನು ಕ್ಲಾಸಿನ ಎಲ್ಲ ಕಂಪ್ಯೂಟರಿನಲ್ಲೂ ಮಾಡಿದ್ದೇನೆ. ಆಮೇಲೆ ಮೆನು ಬಿಚ್ಚಿ, `PrtSc` ಒತ್ತಿ, ಪೇಂಟ್ ತೆರೆದು `Ctrl + V`, ಬೇಕಾದ ಭಾಗ ಆರಿಸಿ `Ctrl + Shift + X`. ತುಂಡು ಮಾತ್ರ ಉಳಿಯುತ್ತದೆ.

ಕತ್ತರಿಸುವುದನ್ನು ಪೇಂಟಿನಲ್ಲೇ ಮುಗಿಸಿ, ರೈಟರಿಗೋ ವರ್ಡಿಗೋ ತಂದು ಅಲ್ಲಿ ಕತ್ತರಿಸಬೇಡಿ. ಅಲ್ಲಿ ಕ್ರಾಪ್ ಮಾಡಿದರೆ ಉಳಿದ ಭಾಗ ಕಾಣುವುದಿಲ್ಲ ಅಷ್ಟೇ, ಫೈಲಿನೊಳಗೆ ಇದ್ದೇ ಇರುತ್ತದೆ. ಇಡೀ ಪರದೆಯಲ್ಲಿ ಪಕ್ಕಕ್ಕೆ ವಾಟ್ಸಾಪೋ ಬ್ಯಾಂಕಿನ ಪುಟವೋ ತೆರೆದಿದ್ದರೆ, ಫೈಲು ಸಿಕ್ಕವರು ಕ್ರಾಪ್ ಅಗಲಿಸಿ ನೋಡಬಹುದು. 2023ರ ಮಾರ್ಚ್‌ನಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೇ ಇಂಥ ದೋಷ ಸಿಕ್ಕಿತ್ತು. ಕತ್ತರಿಸಿ ಅದೇ ಹೆಸರಿನ ಫೈಲಿನ ಮೇಲೆ ಸೇವ್ ಮಾಡಿದರೆ ಹಳೆಯ ಚಿತ್ರದ ಚೂರು ಫೈಲಿನ ಬಾಲದಲ್ಲಿ ಉಳಿಯುತ್ತಿತ್ತು. ಅದನ್ನು ಆಗಲೇ ಸರಿಪಡಿಸಿದರು. ನಾನಂತೂ ಅವತ್ತಿನಿಂದ ಕತ್ತರಿಸಿದ್ದನ್ನು ಹೊಸ ಹೆಸರಿನಲ್ಲೇ ಇಡುತ್ತೇನೆ.

ನಮ್ಮ ಅಕ್ಕನ ಮಗನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಹಳೆಯ ಉಬುಂಟು. ಅಲ್ಲಿ ಮೆನು ಓಡಿಹೋಗುವುದಿಲ್ಲ, ಇನ್ನೂ ತಮಾಷೆ. ಮೆನು ತೆರೆದಿರುವಾಗ `PrtSc` ಒತ್ತಿದರೆ ಏನೂ ಆಗುವುದೇ ಇಲ್ಲ. ಪಾಪ ಅವನು ಕೀ ಕೆಟ್ಟಿದೆ ಅಂತ ಕೀಬೋರ್ಡ್ ಬದಲಾಯಿಸುವುದರಲ್ಲಿದ್ದ. ಎಕ್ಸ್11 ಅನ್ನುವ ಹಳೆಯ ವ್ಯವಸ್ಥೆಯಲ್ಲಿ ಮೆನು ಇಡೀ ಕೀಬೋರ್ಡನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಶಾರ್ಟ್‌ಕಟ್ ಕಾಯುವ ಪ್ರೋಗ್ರಾಮಿಗೆ ಕೀ ಒತ್ತಿದ ಸುದ್ದಿಯೇ ಮುಟ್ಟುವುದಿಲ್ಲ. ಅಲ್ಲಿಯೂ ಮದ್ದು ಅದೇ, ಮೊದಲೇ ಹೇಳಿಟ್ಟು ಕಾಯುವುದು:

```
gnome-screenshot -d 5 -f menu.png
```

ಇದನ್ನು ಟರ್ಮಿನಲ್ಲಿನಲ್ಲಿ ಕೊಟ್ಟು, ಐದು ಸೆಕೆಂಡಿನೊಳಗೆ ಮೆನು ಬಿಚ್ಚಿದರೆ ಇಡೀ ಪರದೆ ಬರುತ್ತದೆ. ಕತ್ತರಿಸುವುದು ಆಮೇಲೆ. ಮ್ಯಾಕ್ ಇರುವವರಿಗೆ ಈ ಗೋಳು ಕಡಿಮೆ. ಅಲ್ಲಿ ಮೆನು ಬಿಚ್ಚಿಟ್ಟು `Cmd + Shift + 4` ಒತ್ತಿದರೂ ಮೆನು ಕದಲುವುದಿಲ್ಲ.

ಮೇಷ್ಟ್ರ ಪುಟಕ್ಕೆ ಬರೋಣ. ಮೆನು ಸಿಕ್ಕಿತು, ಆದರೆ ಪ್ರಿಂಟ್ ತೆಗೆದರೆ ಅಕ್ಷರ ಮಸುಕು. ಲೆಕ್ಕ ಹಾಕಿದೆ. ನಾನು ಕತ್ತರಿಸಿದ ತುಂಡಿನ ಅಗಲ 300 ಪಿಕ್ಸೆಲ್. ಪುಟದಲ್ಲಿ ಅದನ್ನು 8 ಸೆಂಟಿಮೀಟರಿಗೆ ಹಿಗ್ಗಿಸಿದ್ದೆ. ಅಂದರೆ ಇಂಚಿಗೆ 95 ಚುಕ್ಕಿ, ಅದರ ಮೇಲೆ ಜೆರಾಕ್ಸ್. ಮಸುಕಾಗದೆ ಇನ್ನೇನು? ಚಿತ್ರವನ್ನು ಆಮೇಲೆ ಎಷ್ಟು ಹಿಗ್ಗಿಸಿದರೂ ಹೊಸ ಚುಕ್ಕಿ ಹುಟ್ಟುವುದಿಲ್ಲ. ಫೋಟೋ ತೆಗೆಯುವ ಮುಂಚೆಯೇ ಮೆನು ದೊಡ್ಡದಾಗಿರಬೇಕು. `Settings` → `System` → `Display` ಒಳಗೆ `Scale` ಅನ್ನು 100%ನಿಂದ 200%ಗೆ ಏರಿಸಿ, ರೈಟರನ್ನು ಮುಚ್ಚಿ ತೆರೆದು, ಮತ್ತೆ ಅದೇ ಐದು ಸೆಕೆಂಡಿನ ಆಟ ಆಡಿದೆ. ಈ ಸಲ ಅದೇ ತುಂಡು 600 ಪಿಕ್ಸೆಲ್ ಬಂತು. ಪಿಎನ್‌ಜಿ ಆಗಿ ಇಟ್ಟೆ. ಜೆರಾಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಪುಟವನ್ನು ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿದೆ, ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಹಿಂಡಿಬಿಡುತ್ತದೆ.

ನಿನ್ನೆ ಹೊಸ ಪುಟ ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ, ಬೆರಳಿಟ್ಟು ಮೆನುವಿನ ಒಂದೊಂದೇ ಸಾಲು ಓದಿದರು. ಆಮೇಲೆ ಕಂಪ್ಯೂಟರಿನಲ್ಲಿ ಅದೇ ದಾರಿ ಹಿಡಿದು ‘ಮೀ’ ಮೇಲೆ 2 ಕೂರಿಸಿದರು. ಖುಷಿಯಾಗಿ ಮುಂದಕ್ಕೆ ಟೈಪ್ ಮಾಡಿದರೆ, ಉಳಿದ ಸಾಲೆಲ್ಲ ಚಿಕ್ಕದಾಗಿ ಮೇಲಕ್ಕೇ ಹತ್ತಿ ಕೂತಿತು.

"ಇದನ್ನು ಕೆಳಗಿಳಿಸುವ ಪುಟ ಎಲ್ಲಿ ಮೇಡಂ?"

ಅದನ್ನು ಬರೆದಿರಲಿಲ್ಲ.